ಬಹುದಕ್ಕ ಖಾಲಿ ಬಿಟ್ಟ ಕಾಲಂ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಬಹುದಕ್ಕ ಎನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಭದ್ರವಾಗಿ ಕೂತಿತ್ತು. ಅದನ್ನು ಅಲ್ಲಿಂದ ಎಬ್ಬಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಐವತ್ತೆರಡು ವರ್ಷ, ಕುಳ್ಳು ಮೈಕಟ್ಟು, ಮೂಗಿನ ತುದಿಗೆ ಜಾರುವ ಕನ್ನಡಕ, ಕಿವಿಗೆ ಸಿಕ್ಕಿಸಿಕೊಂಡ ಪೆನ್ಸಿಲ್. ಟೈಲ್ಸ್ ಕಾರ್ಖಾನೆಯ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಆದೇಶ, ನೋಟೀಸು, ವರದಿ ಎಲ್ಲವನ್ನೂ ಟೈಪ್ ಮಾಡಿದವಳು. ಅದರಲ್ಲಿ ಇಪ್ಪತ್ತೈದು ವರ್ಷ ಬರೀ ಅಕ್ಕ. ಕೊನೆಯ ವರ್ಷ 'ಬಹುದು' ಎಂಬ ಪದದ ಬೆನ್ನು ಹತ್ತಿ, ಅದನ್ನು ನಿಯಮ ಪುಸ್ತಕದಿಂದ ಒಂದೂ ಉಳಿಯದ ಹಾಗೆ ಆಚೆಗೆ ಹಾಕಿದಳು. ಆಚೆಗೆ ಹಾಕಿದ್ದಕ್ಕೆ ಕೆಲಸಗಾರರು ಅದನ್ನೇ ತಂದು ಅವಳ ಹೆಸರಿಗೆ ಅಂಟಿಸಿದರು. ಅವಳಿಗೆ ಬೇಜಾರೇನೂ ಇರಲಿಲ್ಲ. ಇಪ್ಪತ್ತೈದು ವರ್ಷ ಬೇರೆಯವರ ಮಾತನ್ನು ಟೈಪ್ ಮಾಡಿದವಳಿಗೆ ಒಂದು ಸ್ವಂತ ಕೆಲಸ ಸಿಕ್ಕಿತ್ತು, ಅದರ ಜೊತೆ ಬಂದ ಹೆಸರು ಏನಾದರೇನು?

ಆ ಕೆಲಸ ಹುಟ್ಟಿದ್ದು ಒಂದು ಸುಟ್ಟ ಕೈಯಿಂದ. ಕಾರ್ಖಾನೆಯಲ್ಲಿ ಮಣ್ಣಿನ ಪುಡಿ ಒಣಗಿಸುವ ದೊಡ್ಡದೊಂದು ಕೊಠಡಿ ಇದೆ, ಒಳಗೆ ಸದಾ ಬಿಸಿಗಾಳಿ. ಅದರ ಪಕ್ಕದ ಗೋಡೆಗೆ ಹಚ್ಚಿದ್ದ ನಿಯಮದಲ್ಲಿ, 'ಒಳಗೆ ಒತ್ತಡ ಹೆಚ್ಚಾದಾಗ ಪಕ್ಕದ ಬಾಗಿಲು ತೆರೆಯಬಹುದು' ಎಂದಿತ್ತು. ಬಾಗಿಲು ತಾನಾಗಿಯೇ ತೆರೆದುಕೊಂಡೀತು, ದೂರ ನಿಲ್ಲಿ ಎಂದು ಬರೆದವನ ಲೆಕ್ಕ. ಕೆಲಸಕ್ಕೆ ಸೇರಿ ಎರಡು ವಾರವಾಗಿದ್ದ ಒಬ್ಬಾತ ಒತ್ತಡ ತೋರಿಸುವ ಮುಳ್ಳು ಮೇಲೇರಿದ್ದನ್ನು ನೋಡಿದ, ನಿಯಮ ಓದಿದ, ಬಾಗಿಲು ತೆರೆಯಲು ತನಗೆ ಅನುಮತಿ ಇದೆ ಎಂದುಕೊಂಡ, ತೆರೆದ. ಬಲಗೈ ಮೊಣಕೈವರೆಗೂ ಬೆಂದುಹೋಯಿತು. ವಿಚಾರಣೆಯಲ್ಲಿ ಅವನು ಹೇಳಿದ್ದು ಒಂದೇ ಮಾತು: "ಬರೆದಿದ್ದನ್ನೇ ಮಾಡಿದೆ ಸಾರ್." ಅವನ ಮೇಲೆ ತಪ್ಪು ಹೊರಿಸಲು ಬಂದವರು ನಿಯಮ ಪುಸ್ತಕ ತರಿಸಿದರು.

ಸುರಕ್ಷತಾ ಇಲಾಖೆಯಿಂದ ಒಬ್ಬ ಅಧಿಕಾರಿಣಿ ಬಂದರು. ಒಂದು ಇಡೀ ದಿನ ಕೂತು ಪುಸ್ತಕ ಓದಿ, ಸಂಜೆ ಅಕ್ಕನನ್ನೂ ಅವಳ ಪಕ್ಕದ ಮೇಜಿನ ಸ್ಟೋರ್ ಗುಮಾಸ್ತನನ್ನೂ ಕರೆದು ಕೂರಿಸಿಕೊಂಡರು.

"ಒಂದೇ ಪದಕ್ಕೆ ಎರಡೆರಡು ಮೂರು ಮೂರು ಕೆಲಸ ಹಚ್ಚಿದಾರೆ ಇಲ್ಲಿ," ಎಂದರು. "ಒಂದು ಕಡೆ 'ಬಹುದು' ಅಂದ್ರೆ ನಿನಗೆ ಅನುಮತಿ ಇದೆ ಅಂತ. ಇನ್ನೊಂದು ಕಡೆ ಹೀಗಾದೀತು ಹುಷಾರು ಅಂತ. ಮತ್ತೊಂದು ಕಡೆ ಮಾಡಲೇಬೇಕು ಅನ್ನೋಕೆ ಧೈರ್ಯ ಸಾಲದೆ 'ಮಾಡಬಹುದು' ಅಂತ ಬರೆದು ಕೈ ತೊಳ್ಕೊಂಡಿದಾರೆ. ಇದನ್ನೆಲ್ಲ ಬೇರೆ ಬೇರೆ ಮಾಡಿ."

ಹೇಗೆ ಮಾಡಬೇಕೆಂದೂ ಹೇಳಿಕೊಟ್ಟರು. ಒಂದು ಉದ್ದನೆಯ ರಿಜಿಸ್ಟರ್, ಅದರಲ್ಲಿ ಐದು ಕಾಲಂ. ಮೊದಲನೆಯದರಲ್ಲಿ ಹಳೆಯ ವಾಕ್ಯ. ಎರಡನೆಯದರಲ್ಲಿ ಅದು ಕಡ್ಡಾಯವೋ, ಅನುಮತಿಯೋ, ಸಂಭವವೋ, ಅಥವಾ ಗೊತ್ತಾಗದ್ದೋ ಎಂಬ ಗುರುತು. ಮೂರನೆಯದು 'ಇದುವರೆಗೆ ನಡೆದ ರೀತಿ'. ಓದಿದರೆ ಅರ್ಥ ಇತ್ಯರ್ಥವಾಗದ ವಾಕ್ಯವನ್ನು ಕಾರ್ಖಾನೆ ಇಷ್ಟು ವರ್ಷ ಹೇಗೆ ನಡೆಸಿಕೊಂಡು ಬಂದಿದೆ ಎಂದು ಕಡತ ನೋಡಿ ಅಲ್ಲಿ ಬರೆಯಬೇಕು. ನಾಲ್ಕನೆಯದು ಆ ನಿಯಮಕ್ಕೆ ಹೊಣೆಯಾದ ಅಧಿಕಾರಿಯ ತೀರ್ಮಾನ ಮತ್ತು ಸಹಿ. ಐದನೆಯದು ಹೊಸ ವಾಕ್ಯ. ಹೊಸ ವಾಕ್ಯದಲ್ಲಿ ಕಡ್ಡಾಯವಾದರೆ 'ಲೇಬೇಕು', ಅನುಮತಿಯಾದರೆ 'ಅನುಮತಿ ಇದೆ', ಆಗುವ ಸಾಧ್ಯತೆಯಾದರೆ 'ಸಂಭವವಿದೆ'. ಯಾರು ಮಾಡಬೇಕು ಎಂಬುದನ್ನು ಪ್ರತಿ ವಾಕ್ಯದಲ್ಲೂ ಹೇಳಲೇಬೇಕು.

"ಒಂದು ಮಾತು ನೆನಪಿಡಿ," ಎಂದರು ಅಧಿಕಾರಿಣಿ ಎದ್ದು ಹೋಗುವಾಗ. "ನೀವು ಅರ್ಥ ಬಿಡಿಸೋರು, ನಿಯಮ ಮಾಡೋರಲ್ಲ. ನಿಮಗೆ ಸರಿ ಅನ್ಸಿದ್ದನ್ನ ಒಳಗೆ ತುರುಕಬೇಡಿ. ಮೂರನೇ ಕಾಲಂ ಮಾತ್ರ ಹಗುರ ಮಾಡ್ಕೋಬೇಡಿ. ನಡೆದು ಬಂದ ರೀತಿಗೆ ವಿರುದ್ಧ ತೀರ್ಮಾನ ಮಾಡೋ ಅಧಿಕಾರಿ ಕಾರಣ ಬರೆದು ಕಾರ್ಮಿಕ ಸಂಘದ ಸಭೆ ಮುಂದೆ ಇಡಬೇಕಾಗುತ್ತೆ. ಅಲ್ಲಿ ಏನೂ ಇಲ್ಲದಿದ್ರೆ ಸಹಿ ಹಾಕಿದ್ರೆ ಮುಗೀತು."

ನೂರ ನಲವತ್ತು ನಿಯಮ, ನಾಲ್ಕು ನೂರಕ್ಕೂ ಮೀರಿದ ವಾಕ್ಯ. ಬಹುದಕ್ಕ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತಳು.

ಅವಳ ಗಂಡ ಅದೇ ಕಾರ್ಖಾನೆಯ ಅರೆಯುವ ವಿಭಾಗದಲ್ಲಿದ್ದ. ಕಲ್ಲನ್ನೂ ಒಣ ಮಣ್ಣನ್ನೂ ಅರೆದು ನುಣ್ಣಗೆ ಮಾಡುವ ಕಡೆ ಅದು. ಅಲ್ಲಿಂದ ಹೊರಗೆ ಬರುವವರ ಹುಬ್ಬು ರೆಪ್ಪೆಗಳೆಲ್ಲ ಬೆಳ್ಳಗೆ. ಇಪ್ಪತ್ತನಾಲ್ಕು ವರ್ಷ ಆ ಪುಡಿಯಲ್ಲಿ ಉಸಿರಾಡಿದವನು, ಈಗ ಎರಡು ವರ್ಷದಿಂದ ಕೆಮ್ಮುತ್ತಿದ್ದ. ಮೊದಲು ಬೆಳಗ್ಗೆ ಮಾತ್ರ, ಆಮೇಲೆ ಮೆಟ್ಟಿಲು ಹತ್ತುವಾಗ, ಆಮೇಲೆ ನಗುವಾಗ. ನಗುವುದು ಅವನ ಚಟ, ಹಾಗಾಗಿ ಆ ಮೂರನೆಯದೇ ದೊಡ್ಡ ಕಷ್ಟವಾಯಿತು. ಎದೆಯ ಎಕ್ಸ್-ರೇ ತೆಗೆಸಿ ನೋಡಿದ ವೈದ್ಯರು, ಒಳಗೆ ಸೇರಿದ ಕಲ್ಲಿನ ಪುಡಿ ಇನ್ನು ಹೊರಗೆ ಬರುವುದಿಲ್ಲ, ಆದ ಹಾನಿ ಹೋಗುವುದಿಲ್ಲ, ಆದರೆ ಧೂಳು ಬಿಟ್ಟರೆ ಮುಂದಿನದು ನಿಧಾನವಾಗುತ್ತದೆ ಎಂದರು. ಧೂಳಿಲ್ಲದ ಕಡೆಗೆ ಹಾಕಬೇಕೆಂದು ಚೀಟಿ ಬರೆದುಕೊಟ್ಟರು. ಅವನು ಅರ್ಜಿ ಹಾಕಿದ. ವ್ಯವಸ್ಥಾಪಕರು ಅರ್ಜಿ ನೋಡಿ, "ಹೊಸ ಪುಸ್ತಕ ಬರ್ತಾ ಇದೆಯಲ್ಲ, ಬರಲಿ. ಅದರ ಪ್ರಕಾರ ನೋಡೋಣ," ಎಂದು ಮೇಜಿನ ಖಾನೆಗೆ ಹಾಕಿಕೊಂಡರು.

ಆ ಖಾನೆಯಲ್ಲಿದ್ದದ್ದು ಗಂಡನ ಉಸಿರು ಎಂದು ಬಹುದಕ್ಕನಿಗೆ ಗೊತ್ತಿತ್ತು. ಆದರೂ ಮನೆಯಲ್ಲಿ ಇಬ್ಬರೂ ಅದರ ಸುದ್ದಿ ಎತ್ತುತ್ತಿರಲಿಲ್ಲ. ಬದಲಿಗೆ ಆಟವೊಂದನ್ನು ಹೂಡಿಕೊಂಡಿದ್ದರು. ಸಂಜೆ ಅವಳು ತರಕಾರಿ ಹೆಚ್ಚುತ್ತಾ ಒಂದೊಂದೇ ವಾಕ್ಯ ಓದುವಳು, ಅವನು ಅಡುಗೆಮನೆಯ ಬಾಗಿಲಿಗೆ ಸ್ಟೂಲ್ ಹಾಕಿಕೊಂಡು, ಕೇಳಿ ತನಗೇನು ಅರ್ಥವಾಯಿತೆಂದು ಹೇಳುವನು.

"ಬೆಲ್ಟ್ ಸರಿಪಡಿಸುವಾಗ ಯಂತ್ರ ನಿಂತಿರಬೇಕು."

"ಸದ್ದು ಬರ್ತಿಲ್ಲ ಅಂದ್ರೆ ನಿಂತಿರಬೇಕು ಅಂತ ಅಂದ್ಕೊಂಡು ಕೈ ಹಾಕ್ತೀನಿ."

ಅವಳ ಕೈಯಲ್ಲಿನ ಚಾಕು ನಿಂತಿತು. "ಅದು ಹಾಗಲ್ಲ ರೀ. ನಿಲ್ಲಿಸಬೇಕು ಅಂತ ಅದರ ಅರ್ಥ."

"ಹಾಗಂತ ಬರಿ ಮತ್ತೆ. ನಾನೇನು ನಿನ್ನ ತಲೆ ಒಳಗೆ ಕೂತಿದೀನಾ?"

ಅವಳು ಒದ್ದೆ ಕೈಯಲ್ಲೇ ಪೆನ್ಸಿಲ್ ತೆಗೆದು ಬರೆದಳು: 'ಬೆಲ್ಟ್ ಮುಟ್ಟುವ ಮೊದಲು ಕೆಲಸಗಾರನು ಸ್ವಿಚ್ ಆರಿಸಲೇಬೇಕು, ಯಂತ್ರ ನಿಂತಿರುವುದನ್ನು ಕಣ್ಣಾರೆ ನೋಡಲೇಬೇಕು.' ಅಂದರೆ ಜಾರುವುದು 'ಬಹುದು' ಒಂದೇ ಅಲ್ಲ, 'ಬೇಕು' ಕೂಡ ಜಾರುತ್ತದೆ ಎಂದು ಅವಳಿಗೆ ತೋರಿಸಿಕೊಟ್ಟವನು ಅವನೇ. 'ಧರಿಸಬೇಕಿಲ್ಲ' ಎಂದರೆ ಧರಿಸಿದರೂ ನಡೆಯುತ್ತದೆ, 'ಧರಿಸಬಾರದು' ಎಂದರೆ ನಡೆಯುವುದಿಲ್ಲ ಎಂದು ಗದ್ದಲದಲ್ಲಿ ಕೆಲಸ ಮಾಡುವವರಿಗೆ ಒಂದೇ ಉಸಿರಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಎರಡು ವಾಕ್ಯ ಮಾಡು ಎಂದವನೂ ಅವನೇ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಅವನಷ್ಟು ಚೆನ್ನಾಗಿ ತಪ್ಪು ಅರ್ಥ ಮಾಡಿಕೊಳ್ಳುವವರು ಕಚೇರಿಯಲ್ಲಿ ಒಬ್ಬರೂ ಇರಲಿಲ್ಲ. ಇದನ್ನು ಅವನೂ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ.

ಹೀಗೆ ಅರವತ್ತೆರಡು ನಿಯಮ ಮುಗಿದವು. ಅರವತ್ತಮೂರನೆಯದು ಹೀಗಿತ್ತು: 'ಧೂಳಿನಿಂದ ಆರೋಗ್ಯ ಕೆಟ್ಟಿದೆಯೆಂದು ವೈದ್ಯರು ಬರೆದುಕೊಟ್ಟ ಕೆಲಸಗಾರನನ್ನು ಧೂಳಿಲ್ಲದ ವಿಭಾಗಕ್ಕೆ ವರ್ಗಾಯಿಸಬಹುದು.'

ಅದನ್ನು ಅವಳು ಮನೆಗೆ ತರಲಿಲ್ಲ.

ಎರಡನೇ ಕಾಲಂನಲ್ಲಿ 'ಗೊತ್ತಾಗದ್ದು' ಎಂದು ಬರೆದು ಮೂರನೆಯದಕ್ಕೆ ಬಂದಳು. ಇಲ್ಲಿ ಕಡತ ನೋಡುವ ಅಗತ್ಯವೂ ಇರಲಿಲ್ಲ. ಹಳೆಯ ವ್ಯವಸ್ಥಾಪಕರ ಕಾಲದಲ್ಲಿ ವೈದ್ಯರ ಚೀಟಿ ತಂದವರು ಏಳು ಜನ. ಏಳೂ ಜನರನ್ನು ವಾರದೊಳಗೆ ಪ್ಯಾಕಿಂಗ್‌ಗೆ ಕಳಿಸಿದ್ದರು. ಏಳೂ ಆದೇಶಗಳನ್ನು ಟೈಪ್ ಮಾಡಿದವಳು ಅವಳೇ, ಕಾರ್ಬನ್ ಪ್ರತಿಗಳು ಅವಳ ಬೆನ್ನ ಹಿಂದಿನ ಬೀರುವಿನಲ್ಲೇ ಇದ್ದವು. ಚೀಟಿ ತಂದ ಒಬ್ಬನಿಗೂ ಇಲ್ಲ ಎಂದದ್ದಿಲ್ಲ. ಪುಸ್ತಕದಲ್ಲಿ 'ಬಹುದು' ಇದ್ದರೂ ಇಪ್ಪತ್ತು ವರ್ಷ ಅದು 'ಲೇಬೇಕು' ಆಗಿಯೇ ನಡೆದಿತ್ತು. ಎರಡು ಸಾಲು ಬರೆದರೆ ಸಾಕು. ಹೊಸ ವ್ಯವಸ್ಥಾಪಕರು ಬೇಡವೆಂದರೆ ಕಾರಣ ಬರೆಯಬೇಕು, ಸಂಘದ ಮುಂದೆ ನಿಲ್ಲಬೇಕು, ಅಲ್ಲಿ ಏಳು ಜನರಲ್ಲಿ ಬದುಕಿರುವವರು ಎದ್ದು ನಿಂತು ಕೇಳುತ್ತಾರೆ.

ಪೆನ್ಸಿಲ್ ಕಿವಿಯಿಂದ ತೆಗೆದಳು. ತೆಗೆದು ಮತ್ತೆ ಕಿವಿಗೇ ಸಿಕ್ಕಿಸಿದಳು.

ಇಲ್ಲಿ ಅವಳ ಸ್ವಭಾವ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಇವಳಿಗೇನು ತಲೆ ಕೆಟ್ಟಿತ್ತೇ ಎನ್ನಿಸುತ್ತದೆ. ಇಪ್ಪತ್ತಾರು ವರ್ಷದಲ್ಲಿ ಕಚೇರಿಯ ಒಂದು ಗುಂಡುಸೂಜಿ ಮನೆಗೆ ಒಯ್ದವಳಲ್ಲ. ಗಂಡನ ರಜೆ ಚೀಟಿಯನ್ನು ಸಹ ಬೇರೆಯವರ ಕೈಯಲ್ಲಿ ಟೈಪ್ ಮಾಡಿಸುತ್ತಿದ್ದಳು. ಗಂಡ ಹೆಂಡತಿ ಒಂದೇ ಕಾರ್ಖಾನೆಯಲ್ಲಿದ್ದಾರೆ, ಒಬ್ಬಳು ಕಚೇರಿಯಲ್ಲಿ ಕೂತು ಇನ್ನೊಬ್ಬನಿಗೆ ಅನುಕೂಲ ಮಾಡುತ್ತಾಳೆ ಎಂಬ ಒಂದು ಮಾತು ಬರಬಾರದು. ಅದು ಅವಳ ಹಟ, ಅದರಲ್ಲಿ ಒಂದಿಷ್ಟು ಜಂಬವೂ ಇತ್ತು. ಈಗ ಗಂಡನ ಅರ್ಜಿ ಖಾನೆಯಲ್ಲಿದೆ, ಅದೇ ನಿಯಮದ ಸಾಲನ್ನು ತಾನು ತುಂಬಿದರೆ ಜನ ಏನೆಂದಾರು? ಪುಸ್ತಕವನ್ನೇ ಬಗ್ಗಿಸಿದಳು ಎನ್ನುತ್ತಾರೆ. ಅಧಿಕಾರಿಣಿಯ 'ತುರುಕಬೇಡಿ' ಎಂಬ ಮಾತು ಬೇರೆ ಕಿವಿಯಲ್ಲಿ ಗುಂಯ್ಗುಡುತ್ತಿತ್ತು. ನಿಜವನ್ನು ಬರೆಯುವುದಕ್ಕೂ ತನ್ನಿಷ್ಟವನ್ನು ತುರುಕುವುದಕ್ಕೂ ಇರುವ ವ್ಯತ್ಯಾಸ, ಅರವತ್ತೆರಡು ನಿಯಮಗಳ ಅರ್ಥ ಬಿಡಿಸಿದವಳಿಗೆ ಆ ಮಧ್ಯಾಹ್ನ ಹೊಳೆಯಲಿಲ್ಲ.

ರಿಜಿಸ್ಟರನ್ನು ಪಕ್ಕದ ಮೇಜಿಗೆ ಸರಿಸಿದಳು. "ಅರವತ್ತಮೂರು ನೀವು ನೋಡ್ಕೊಳ್ಳಿ. ನಂದು ಬೇಡ."

ಸ್ಟೋರ್ ಗುಮಾಸ್ತ ಒಳ್ಳೆಯ ಮನುಷ್ಯ, ಬಂದು ಮೂರೇ ವರ್ಷವಾಗಿತ್ತು. ಸಾಲು ಓದಿ ತಲೆ ಕೆರೆದುಕೊಂಡ. "ಇದುವರೆಗೆ ಹೇಗೆ ನಡೆದಿದೆ ಅಂತ ನನಗೇನು ಗೊತ್ತಕ್ಕ? ನಿಮಗೆ ಗೊತ್ತಿರುತ್ತಲ್ಲ."

"ನನ್ನ ಕೇಳಬೇಡಿ. ಇದರಲ್ಲಿ ನಾನು ಬಾಯಿ ಹಾಕಲ್ಲ."

"ಯಾರನ್ನಾದ್ರೂ ಕಳಿಸಿದಾರಾ ಇಲ್ವಾ, ಅಷ್ಟು ಹೇಳಿ ಸಾಕು."

"ಹೇಳಿದ್ನಲ್ಲ. ನನ್ನ ಕೇಳಬೇಡಿ."

ಅವನು ಎರಡು ದಿನ ಕಾದ. ಬೀರುವಿನ ಬೀಗದ ಕೈ ಅವಳ ಸೊಂಟದಲ್ಲಿತ್ತು. ಇಷ್ಟು ಖಡಾಖಂಡಿತ ಹೇಳಿದವಳ ಹತ್ತಿರ ಅದನ್ನು ಕೇಳಲು ಅವನಿಗೆ ಸಂಕೋಚ. ಮೂರನೇ ದಿನ ಆ ಕಾಲಂ ಖಾಲಿ ಬಿಟ್ಟು ಒಂದು ಗೀಟು ಎಳೆದು, ಕೆಳಗೆ ಸಣ್ಣಗೆ 'ಮಾಹಿತಿ ಇಲ್ಲ' ಎಂದು ಬರೆದು ಒಳಗೆ ಕಳಿಸಿದ. ವ್ಯವಸ್ಥಾಪಕರು ನಾಲ್ಕನೇ ಕಾಲಂನಲ್ಲಿ 'ಅನುಮತಿ' ಎಂದು ಬರೆದು ಸಹಿ ಹಾಕಿದರು. ಅವರು ಕೆಟ್ಟವರೇನಲ್ಲ. ಅರೆಯುವ ವಿಭಾಗಕ್ಕೆ ಬರಲು ಯಾರೂ ಒಪ್ಪುತ್ತಿರಲಿಲ್ಲ, ಇದ್ದ ಹನ್ನೊಂದು ಜನರಲ್ಲಿ ಒಬ್ಬನನ್ನು ಬಿಟ್ಟುಕೊಟ್ಟರೆ ಯಂತ್ರ ನಿಲ್ಲುತ್ತದೆ ಎಂಬ ಭಯ ಅವರಿಗೆ. ಕಾರಣ ಬರೆಯಬೇಕಾದ ಪ್ರಸಂಗ ಬಂದಿದ್ದರೆ ಅವರ ಪೆನ್ನು ನಾಲ್ಕು ದಿನ ಅಲ್ಲೇ ತಡವರಿಸುತ್ತಿತ್ತು. ಬರಲಿಲ್ಲ.

ಹೊಸ ವಾಕ್ಯಗಳೆಲ್ಲ ಬಹುದಕ್ಕನ ಕೈಯಿಂದಲೇ ಆಗಬೇಕು, ಅದು ಅವಳ ಕೆಲಸ. ರಿಜಿಸ್ಟರ್ ಮರಳಿ ಬಂತು. ಅವಳು ಮೂರನೇ ಕಾಲಂ ನೋಡಿದಳು, ನಾಲ್ಕನೆಯದು ನೋಡಿದಳು. ಆಗಲಾದರೂ ಒಂದು ಮಾತು ಆಡಬೇಕಿತ್ತು ಎಂದು ಆಮೇಲೆ ಅವಳಿಗೆ ಸಾವಿರ ಸಲ ಅನ್ನಿಸಿದೆ. ಆದರೆ ಸಹಿ ಬಿದ್ದ ಮೇಲೆ ಬಾಯಿ ಬಿಟ್ಟರೆ ಅದು ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ ಎಂದು ಹಲ್ಲು ಕಚ್ಚಿದಳು. ಅನುಮತಿ ಎಂದಾದ ಮೇಲೆ, ಮಾಡದೇ ಇರಲೂ ಸ್ವಾತಂತ್ರ್ಯವಿದೆ ಎಂದು ಸ್ಪಷ್ಟವಾಗಿ ಹೇಳುವುದು ಅವಳೂ ಗುಮಾಸ್ತನೂ ಪಾಲಿಸುತ್ತಿದ್ದ ಕ್ರಮ. ಕ್ರಮದ ಪ್ರಕಾರವೇ ಬರೆದಳು: 'ಧೂಳಿನಿಂದ ಆರೋಗ್ಯ ಕೆಟ್ಟಿದೆಯೆಂದು ವೈದ್ಯರು ಬರೆದುಕೊಟ್ಟ ಕೆಲಸಗಾರನನ್ನು ಧೂಳಿಲ್ಲದ ವಿಭಾಗಕ್ಕೆ ವರ್ಗಾಯಿಸಲು ವ್ಯವಸ್ಥಾಪಕರಿಗೆ ಅನುಮತಿ ಇದೆ. ವರ್ಗಾಯಿಸುವುದು ಕಡ್ಡಾಯವಲ್ಲ.'

ಪುಸ್ತಕ ಅಚ್ಚಾಯಿತು. ನೀಲಿ ರಟ್ಟು, ಕಿಸೆಯಲ್ಲಿ ಹಿಡಿಯುವ ಗಾತ್ರ. ಸಂಘದವರು ಒಂದೇ ಮಧ್ಯಾಹ್ನ ಕೂತು ನೂರ ನಲವತ್ತು ನಿಯಮಕ್ಕೂ ಒಪ್ಪಿಗೆ ಕೊಟ್ಟರು. ನಮ್ಮ ಬಹುದಕ್ಕ ಬರೆದಿದ್ದಾಳೆ, ಅದರಲ್ಲಿ ನೋಡುವುದೇನಿದೆ ಎಂಬ ನಂಬಿಕೆ. ಸುರಕ್ಷತಾ ಇಲಾಖೆಯಿಂದ ಮೆಚ್ಚುಗೆಯ ಪತ್ರ ಬಂತು. ಒಣಗಿಸುವ ಕೊಠಡಿಯ ಗೋಡೆಯ ಮೇಲೆ ಈಗ, 'ಒತ್ತಡ ಹೆಚ್ಚಾದಾಗ ಈ ಬಾಗಿಲು ತಾನಾಗಿಯೇ ತೆರೆದುಕೊಳ್ಳುವ ಸಂಭವವಿದೆ. ಎಲ್ಲರೂ ಹತ್ತು ಅಡಿ ದೂರ ನಿಲ್ಲಲೇಬೇಕು. ಯಾರೂ ಇದನ್ನು ಕೈಯಿಂದ ತೆರೆಯಬಾರದು' ಎಂದಿತ್ತು. ಆಮೇಲೆ ಅಲ್ಲಿ ಯಾರ ಕೈಯೂ ಸುಡಲಿಲ್ಲ, ಅದನ್ನೂ ಹೇಳಲೇಬೇಕು.

ಪುಸ್ತಕ ಜಾರಿಗೆ ಬಂದ ನಾಲ್ಕನೇ ದಿನ ವ್ಯವಸ್ಥಾಪಕರು ಖಾನೆಯಿಂದ ಅರ್ಜಿ ತೆಗೆದರು. ಉತ್ತರವನ್ನು ಬೇರೆಯವರ ಕೈಯಲ್ಲಿ ಟೈಪ್ ಮಾಡಿಸಿದರು, ಅಷ್ಟು ಸೂಕ್ಷ್ಮ ಅವರಿಗಿತ್ತು. 'ನಿಯಮ ಅರವತ್ತಮೂರರ ಪ್ರಕಾರ ವರ್ಗಾವಣೆ ಕಡ್ಡಾಯವಲ್ಲ. ವಿಭಾಗದಲ್ಲಿ ಜನರ ಕೊರತೆ ಇರುವುದರಿಂದ ಸದ್ಯಕ್ಕೆ ಸಾಧ್ಯವಿಲ್ಲ.'

ಗಂಡ ಅದನ್ನು ಸಂಜೆ ಸ್ಟೂಲಿನ ಮೇಲೆ ಕೂತು ಓದಿದ. ನೀಲಿ ಪುಸ್ತಕ ತೆಗೆದು ಅರವತ್ತಮೂರನ್ನೂ ಓದಿದ.

"ಇದನ್ನ ನೀನು ನನ್ನ ಮುಂದೆ ಓದಲೇ ಇಲ್ಲ," ಎಂದ.

"ಇಲ್ಲ."

"ಓದಿದ್ರೂ ಏನು ಹೇಳ್ತಿದ್ದೆ ಬಿಡು. ಇದರಲ್ಲಿ ತಪ್ಪು ಅರ್ಥ ಮಾಡ್ಕೊಳ್ಳೋಕೆ ಜಾಗಾನೇ ಇಟ್ಟಿಲ್ಲ." ನಗಲು ಹೋದ, ಕೆಮ್ಮು ಹಿಡಿದುಕೊಂಡಿತು. ಅವಳು ನೀರು ತಂದುಕೊಟ್ಟಳು. ಕೆಮ್ಮು ನಿಲ್ಲುವವರೆಗೂ ಲೋಟ ಹಿಡಿದು ನಿಂತಳು. ಆಗ ಮೂರನೇ ಕಾಲಂನ ಸಂಗತಿಯೆಲ್ಲ ಹೇಳಿದಳು, ಒಂದೂ ಮುಚ್ಚಿಡದೆ. ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಿನಗೆ ಜನ ಏನಂತಾರೋ ಅನ್ನೋ ಭಯ," ಎಂದ ಕೊನೆಗೆ. "ನನಗೋಸ್ಕರಾನೂ ಸ್ವಲ್ಪ ಭಯ ಪಡಬೇಕಿತ್ತು ಕಣೇ."

ಮರುದಿನ ಊಟದ ಹೊತ್ತಿಗೆ ಮೇಷ್ಟ್ರು ಬಂದರು. ಶಾಲೆಯ ಮೇಷ್ಟ್ರಲ್ಲ, ಪ್ಯಾಕಿಂಗ್‌ನಲ್ಲಿ ಪೆಟ್ಟಿಗೆ ಕಟ್ಟುವವರು. ಊಟದ ವೇಳೆ ಎಲ್ಲರಿಗೂ ಪತ್ರಿಕೆ ಓದಿ ಹೇಳುವುದರಿಂದ ಬಂದ ಹೆಸರು. ಸಂಘದ ಹಿರಿಯರು, ಹದಿನಾಲ್ಕು ವರ್ಷದ ಹಿಂದೆ ಅರೆಯುವ ವಿಭಾಗದಿಂದ ಬಂದ ಏಳು ಜನರಲ್ಲಿ ಒಬ್ಬರು.

"ನನ್ನ ವರ್ಗಾವಣೆ ಕಾಗದ ನೀನೇ ತಂದುಕೊಟ್ಟಿದ್ದೆಯಲ್ಲಮ್ಮ," ಎಂದರು. "ರಿಜಿಸ್ಟರಿನಲ್ಲಿ 'ಮಾಹಿತಿ ಇಲ್ಲ' ಅಂತ ಇದೆಯಂತೆ. ನಾನು ಉಸಿರಾಡ್ತಾ ನಿನ್ನ ಮುಂದೆ ನಿಂತಿದೀನಿ, ಇದು ಮಾಹಿತಿ ಅಲ್ವಾ?"

ಅವಳು ತಲೆ ತಗ್ಗಿಸಿದಳು. ಮೇಷ್ಟ್ರು ಪಕ್ಕದ ಕುರ್ಚಿ ಎಳೆದು ಕೂತು, "ನಾನೂ ಓದದೆ ಸಹಿ ಹಾಕಿದೆ. ಊರಿಗೆಲ್ಲ ಪೇಪರ್ ಓದ್ತೀನಿ, ನಮ್ಮದನ್ನೇ ಓದಲಿಲ್ಲ," ಎಂದರು. "ನಡಿ, ಕಾರ್ಮಿಕ ಅಧಿಕಾರಿ ಹತ್ರ ಹೋಗೋಣ. ಪ್ರತಿಗಳು ಇವೆಯಲ್ಲ?"

ಪ್ರತಿಗಳು ಇದ್ದವು. ಏಳೂ ಹಾಳೆ ಹಳದಿಯಾಗಿದ್ದವು, ಅಕ್ಷರ ನೇರಳೆ. ಅವಳು ಅರ್ಧ ದಿನ ರಜೆ ಹಾಕಿ, ಗಂಡನನ್ನೂ ಮೇಷ್ಟ್ರನ್ನೂ ಕರೆದುಕೊಂಡು ಹೋದಳು. ಕಾರ್ಮಿಕ ಅಧಿಕಾರಿಯ ಕಚೇರಿ ಮೂರನೇ ಮಹಡಿ. ಲಿಫ್ಟ್ ಕೆಟ್ಟಿತ್ತು. ಗಂಡ ಒಂದೊಂದು ಮಹಡಿಗೂ ಗೋಡೆ ಹಿಡಿದು ನಿಂತ. ಮೂರನೇ ಮಹಡಿಯಲ್ಲಿ ಬೆಂಚಿನ ಮೇಲೆ ಕೂತವನಿಗೆ ಹತ್ತು ನಿಮಿಷ ಮಾತು ಹೊರಡಲಿಲ್ಲ. ಹಾಗಾಗಿ ಎಲ್ಲವನ್ನೂ ಅವಳೇ ಹೇಳಬೇಕಾಯಿತು.

ಅಧಿಕಾರಿ ವಯಸ್ಸಾದವರು, ತಾಳ್ಮೆಯವರು. ಏಳು ಹಾಳೆಯನ್ನೂ ಓದಿದರು. ನೀಲಿ ಪುಸ್ತಕ ತೆರೆದು ಅರವತ್ತಮೂರು ಓದಿದರು, ಇನ್ನೊಮ್ಮೆ ಓದಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಳೇ ಪುಸ್ತಕ ಇದ್ದಿದ್ರೆ ನನಗೆ ದಾರಿ ಇತ್ತಮ್ಮ," ಎಂದರು. "ಅದರಲ್ಲಿ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ 'ಬಹುದು' ಅಂತ ಇತ್ತು. ಅಂಥ ಕಡೆ ನಾವು ನಡೆದು ಬಂದ ರೀತಿ ಏನು ಅಂತ ನೋಡ್ತೀವಿ. ಈ ಏಳು ಕಾಗದ ಇಟ್ಕೊಂಡು, ಇದು ಮಾಡಲೇಬೇಕಾದ್ದೇ ಅಂತ ಇವರ ಕಡೆಗೆ ಬರೀತಿದ್ದೆ. ಈಗ 'ಕಡ್ಡಾಯವಲ್ಲ' ಅಂತ ನೇರವಾಗಿ ಬರೆದಿದ್ದಾರೆ, ಸಂಘ ಒಪ್ಪಿದೆ. ಇದರ ಮುಂದೆ ಆ ಕಾಗದ ನಿಲ್ಲಲ್ಲ."

"ಅರ್ಜಿ ಹಾಕಿದ್ದು ಹಳೇ ಪುಸ್ತಕ ಇದ್ದಾಗ," ಎಂದರು ಮೇಷ್ಟ್ರು.

ಅಧಿಕಾರಿ ಎರಡನೇ ನಿಯಮ ತೆರೆದು ಅವರ ಕಡೆ ತಿರುಗಿಸಿದರು. 'ತೀರ್ಮಾನವಾಗದೆ ಉಳಿದ ಎಲ್ಲ ಅರ್ಜಿಗಳನ್ನೂ ಅಧಿಕಾರಿಗಳು ಈ ಪುಸ್ತಕದ ಪ್ರಕಾರವೇ ತೀರ್ಮಾನಿಸಲೇಬೇಕು.' ಆ ವಾಕ್ಯವೂ ಅವಳದೇ. ಅದನ್ನು ಗಂಡನ ಮುಂದೆ ಓದಿದಾಗ ಅವನು, "ಇದು ಸರಿ ಇದೆ, ಮುಂದಕ್ಕೆ ಹೋಗು," ಎಂದಿದ್ದ.

"ತಿದ್ದುಪಡಿ?" ಎಂದಳು ಅವಳು.

"ಮೂರು ವರ್ಷಕ್ಕೊಮ್ಮೆ. ಅದಕ್ಕೂ ಮುಂಚೆ ಬೇಕಾದ್ರೆ ವ್ಯವಸ್ಥಾಪಕರೂ ಸಂಘವೂ ಸೇರಿ ಕೇಳಬೇಕು. ವ್ಯವಸ್ಥಾಪಕರು ಕೇಳಲ್ಲ, ಅದು ನಿಮಗೂ ಗೊತ್ತು." ಅಧಿಕಾರಿ ಪುಸ್ತಕ ಮುಚ್ಚಿ ರಟ್ಟಿನ ಮೇಲೆ ಕೈಯಾಡಿಸಿದರು. "ಇಪ್ಪತ್ತೊಂಬತ್ತು ವರ್ಷದಲ್ಲಿ ಇಷ್ಟು ಸ್ಪಷ್ಟವಾದ ಪುಸ್ತಕ ನಾನು ನೋಡಿಲ್ಲ. ಯಾರು ಬರೆದದ್ದು?"

ಅವಳು ಏಳು ಹಾಳೆಯನ್ನೂ ಮಡಚಿ ಚೀಲಕ್ಕೆ ಹಾಕಿಕೊಂಡಳು. ಮೆಟ್ಟಿಲು ಇಳಿಯುವಾಗ ಗಂಡನೇ, "ಇಳಿಯೋದು ಪರವಾಗಿಲ್ಲ, ಸಲೀಸು," ಎಂದ.

ಅವನು ಅರೆಯುವ ವಿಭಾಗದಲ್ಲೇ ಉಳಿದ. ಕೆಲಸ ಬಿಡು ಎಂದಳು ಅವಳು. ಐವತ್ತಾರಕ್ಕೆ ಕೆಮ್ಮುವವನನ್ನು ಯಾರು ಕರೆದು ಕೂರಿಸುತ್ತಾರೆ, ಮನೆಯಲ್ಲಿ ಕೂತು ಗೋಡೆ ನೋಡಲೇ ಎಂದು ಅವನು ಕೇಳಿದ. ಮುಖಗವಸಿನ ಒಳಗೆ ಒದ್ದೆ ಬಟ್ಟೆ ಇಟ್ಟುಕೊಂಡ. ಅದು ಉಪಯೋಗವಿಲ್ಲ ಎಂದು ವೈದ್ಯರು ಹೇಳಿದ್ದರೂ ಅವಳು ಪ್ರತಿ ಬೆಳಗ್ಗೆ ಹೊಸ ಬಟ್ಟೆ ಹಿಂಡಿ ಕೊಡುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಸ್ಟೂಲ್ ಹಾಗೇ ಇತ್ತು. ಓದುವುದಕ್ಕೆ ಏನೂ ಇರಲಿಲ್ಲ.

ಹೊಸ ಪುಸ್ತಕದ ಪ್ರಕಾರ ತಿಂಗಳ ಮೊದಲ ಸೋಮವಾರ ಪ್ರತಿ ವಿಭಾಗದಲ್ಲೂ ಹನ್ನೆರಡು ನಿಯಮ ಓದಿ ಹೇಳಲೇಬೇಕು. ಓದುವವನು ಆ ವಿಭಾಗದ ಅತಿ ಹಿರಿಯ ಕೆಲಸಗಾರ. ಕೇಳಿದವರಲ್ಲಿ ಒಬ್ಬೊಬ್ಬರೂ ತಮಗೆ ಅರ್ಥವಾದದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಕಚೇರಿಯವರೊಬ್ಬರು ನಿಂತು ಗುರುತು ಹಾಕಿಕೊಳ್ಳಬೇಕು. ಈ ಕ್ರಮ ಅಡುಗೆಮನೆಯ ಆಟದಿಂದಲೇ ಹುಟ್ಟಿದ್ದು ಎಂದು ಬೇರೆ ಯಾರಿಗೂ ತಿಳಿದಿರಲಿಲ್ಲ. ಆರನೇ ತಿಂಗಳು ಅರವತ್ತೊಂದರಿಂದ ಎಪ್ಪತ್ತೆರಡರವರೆಗಿನ ಸರದಿ. ಗುರುತು ಹಾಕುವ ಹಾಳೆ ಹಿಡಿದು ಬಹುದಕ್ಕ ಅರೆಯುವ ವಿಭಾಗದ ಬಾಗಿಲಲ್ಲಿ ನಿಂತಳು. ಅಂದು ಹೋಗಬೇಡಿ, ನಾನು ಹೋಗುತ್ತೇನೆ ಎಂದು ಸ್ಟೋರ್ ಗುಮಾಸ್ತ ಹೇಳಿದ್ದ. ಈ ಬಾರಿ ಅವಳು ಬೇರೆಯವರಿಗೆ ಬಿಡಲಿಲ್ಲ.

ಯಂತ್ರ ನಿಲ್ಲಿಸಿದ್ದರು. ಗಾಳಿಯಲ್ಲಿ ಪುಡಿ ಇನ್ನೂ ಇಳಿಯುತ್ತಿತ್ತು. ಹತ್ತು ಜನ ಚೀಲಗಳ ಮೇಲೆ ಕೂತಿದ್ದರು, ಎಲ್ಲರ ಹುಬ್ಬೂ ಬೆಳ್ಳಗೆ. ಗಂಡ ಮಧ್ಯದಲ್ಲಿ ನಿಂತು ನೀಲಿ ಪುಸ್ತಕ ಹಿಡಿದಿದ್ದ. ಅರವತ್ತೊಂದು ಓದಿದ, ಅರವತ್ತೆರಡು ಓದಿದ. ಅರವತ್ತಮೂರು ಓದಲು ಶುರು ಮಾಡಿದವನಿಗೆ ಮೊದಲ ವಾಕ್ಯದ ಮಧ್ಯದಲ್ಲಿ ಉಸಿರು ಸಾಲದೆ ಹೋಯಿತು. ಪುಸ್ತಕದಲ್ಲಿ ಬೆರಳಿಟ್ಟು ಕೆಮ್ಮಿ ಮುಗಿಸಿದ. ಬಿಟ್ಟ ಕಡೆಯಿಂದಲೇ ಎತ್ತಿಕೊಂಡು ಎರಡೂ ವಾಕ್ಯ ಮುಗಿಸಿದ. ಅವಳ ಕಡೆ ನೋಡಲಿಲ್ಲ.

ಹಿಂದಿನ ಚೀಲದ ಮೇಲೆ ಕೂತಿದ್ದವನೊಬ್ಬ ಕೇಳಿದ, "ಅಂದ್ರೆ ಅಣ್ಣ, ಚೀಟಿ ತಂದ್ರೆ ಕಳಿಸ್ತಾರೆ ಅಂತ ತಾನೆ?"

"ಅಲ್ಲ ಕಣಪ್ಪ. ಸರಿಯಾಗಿ ಕೇಳಿಸ್ಕೋ," ಎಂದು ಗಂಡ ಅವನ ಹತ್ತಿರ ಹೋಗಿ, ಪಕ್ಕದಲ್ಲೇ ಕೂತು ಬಿಡಿಸಿ ಹೇಳಿದ. "ಅವರು ಮನಸ್ಸು ಮಾಡಿದ್ರೆ ಕಳಿಸೋಕೆ ಅಧಿಕಾರ ಇದೆ ಅಂತ. ಮಾಡದಿದ್ರೆ ನಾವು ಕೇಳೋ ಹಾಗಿಲ್ಲ ಅಂತ. ಬರೆದಿರೋದು ಸ್ಪಷ್ಟ ಇದೆ. ಬರೆದೋರು ಇದನ್ನ ಚೆನ್ನಾಗಿ ಯೋಚನೆ ಮಾಡೇ ಬರೆದಿದಾರೆ."

ಆಮೇಲೆ ಒಬ್ಬೊಬ್ಬರೇ ತಿರುಗಿ ಹೇಳಿದರು. ಕಳಿಸೋದು ಅವರಿಷ್ಟ. ಕಳಿಸಲೇಬೇಕು ಅಂತಿಲ್ಲ. ಚೀಟಿ ತಂದ್ರೂ ಇಲ್ಲೇ ಇರಬೇಕಾದೀತು. ಹತ್ತು ಜನರಲ್ಲಿ ಒಬ್ಬರೂ ತಪ್ಪು ಹೇಳಲಿಲ್ಲ. ಬಹುದಕ್ಕ ಹಾಳೆಯಲ್ಲಿ ಹತ್ತು ಗುರುತು ಹಾಕಿದಳು. ಹನ್ನೊಂದನೇ ಸಾಲು ಓದಿದವನದು. ಅವನೂ ಹೇಳಲೇಬೇಕು, ಹಾಗೆಂದು ಅವಳೇ ಬರೆದಿದ್ದಳು.

"ನೀವು ಹೇಳಿ," ಎಂದಳು.

ಗಂಡ ಅವಳ ಮುಖ ನೋಡಿದ. "ನಾನು ಇಲ್ಲೇ ಇರ್ತೀನಿ," ಎಂದ.

ಅವಳು ಸರಿ ಎಂದು ಗುರುತು ಹಾಕಿದಳು.